ಐದು ತಿಂಗಳಲ್ಲಿ ಮೂರನೇ ಬೇರಿಂಗ್: ಐಸ್ ಪ್ಲಾಂಟ್ ಪಂಪಿನ ಮೋಟಾರ್‌ಗೆ ಎಂತ ಆಗಿದೆ?

ಮಲ್ಪೆ ಐಸ್ · ಶನಿವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಮಲ್ಪೆಯಲ್ಲಿ ನಮ್ಮದೊಂದು ಐಸ್ ಪ್ಲಾಂಟ್ ಉಂಟು, ಅಪ್ಪ ಶುರು ಮಾಡಿದ್ದು. ಕಂಡೆನ್ಸರ್‌ಗೆ ನೀರು ಸುತ್ತಿಸುವ ಪಂಪ್‌ಸೆಟ್ಟಿನದ್ದೇ ಈಗ ತಲೆನೋವು. 15 ಎಚ್‌ಪಿ ಮೋಟಾರ್, 1450 ಆರ್‌ಪಿಎಂ, ಮಧ್ಯೆ ಪಿನ್ ಬುಶ್ ಕಪ್ಲಿಂಗ್. ಮೋಟಾರಿನ ಕಪ್ಲಿಂಗ್ ಕಡೆಯ ಬೇರಿಂಗ್ 6309. ಮೊದಲಿದ್ದದ್ದು ಐದು ವರ್ಷ ಓಡಿತ್ತು. ಆಗಸ್ಟ್‌ನಲ್ಲಿ ಸೀಸನ್ ಶುರುವಾದ ಮೇಲೆ ಎರಡು ಹೋಯಿತು. ಈಗ ಮೂರನೆಯದೂ ಕೂಗಲು ಶುರು ಮಾಡಿದೆ. ಮೋಟಾರ್ ಮೇಲೆ ಕೈ ಇಟ್ಟರೆ ಜುಂ ಅನ್ನುತ್ತದೆ.

ಪ್ರತಿ ಸಲ ಒಳ್ಳೆ ಕಂಪನಿಯ ಬೇರಿಂಗ್ ಹಾಕಿದ್ದೇವೆ. ಪ್ರತಿ ಸಲ ಫಿಟ್ಟರ್ ಬಂದು ಕಪ್ಲಿಂಗ್ ಮೇಲೆ ಸ್ಕೇಲ್ ಇಟ್ಟು, ಎರಡೂ ಶಾಫ್ಟ್ ಒಂದೇ ಗೆರೆಯಲ್ಲಿ ಉಂಟಾ ಅಂತ ಅಲೈನ್‌ಮೆಂಟ್ ನೋಡಿದ್ದಾರೆ. "ಪಕ್ಕಾ ಉಂಟು" ಅಂತ ಹೇಳಿ ಹೋಗಿದ್ದಾರೆ. ಹಾಗಾದರೆ ಬೇರಿಂಗ್ ಯಾಕೆ ಹೋಗ್ತಾ ಇದೆ?

ಡಿಪ್ಲೊಮಾ ಹುಡುಗ · 9.48

ಡ್ಯೂಪ್ಲಿಕೇಟ್ ಬೇರಿಂಗ್ ಇರಬೇಕು. ಈಗ ಪೆಟ್ಟಿಗೆ, ಸೀಲು, ಹೋಲೋಗ್ರಾಂ ಎಲ್ಲಾ ನಕಲಿ ಬರುತ್ತದೆ.

ಮಲ್ಪೆ ಐಸ್ · 9.51

ಮೂರನ್ನೂ ಬೇರೆ ಬೇರೆ ಕಡೆ ತಂದದ್ದು ಮಾರಾಯ್ರೆ. ಕೊನೆಯದು ಮಂಗಳೂರಿನ ಅಧಿಕೃತ ಡೀಲರ್ ಹತ್ತಿರ, ಬಿಲ್ಲು ಸಮೇತ.

ಕಟಪಾಡಿ ವೈಂಡಿಂಗ್ · 10.05

ನಾನು ಮೂವತ್ತು ವರ್ಷದಿಂದ ಮೋಟಾರ್ ಕಟ್ಟುವವನು, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಇನ್ನು ಐದು ನಿಮಿಷದಲ್ಲಿ ಯಾರಾದರೂ ಬಂದು "ವೈಂಡಿಂಗ್‌ನವನು ಹಾಳು ಮಾಡಿದ" ಅಂತ ಬರೆಯುತ್ತಾರೆ. ಬೇರಿಂಗ್ ಹೋದದ್ದಕ್ಕೆಲ್ಲ ನಾವೇ ಕಾರಣ ಅಲ್ಲ. ಕಪ್ಲಿಂಗ್ ಪಿನ್ ಬಿಚ್ಚಿ ಮೋಟಾರ್ ಒಂದನ್ನೇ ಓಡಿಸಿ ನೋಡಿ. ಆಗಲೂ ಜುಂ ಅಂದರೆ ಮೋಟಾರಿನದ್ದೇ ದೋಷ. ತಣ್ಣಗೆ ಓಡಿದರೆ ನಮ್ಮನ್ನು ಬಿಟ್ಟುಬಿಡಿ.

ಶಿರ್ವದ ತೋಟ · 10.20

ನಮ್ಮಲ್ಲೂ ಇದೇ ಸಮಸ್ಯೆ! ತೋಟದ ಬಾವಿಯ 5 ಎಚ್‌ಪಿ ಮೋನೋಬ್ಲಾಕ್ ಮಾರ್ಚ್ ಬಂತೆಂದರೆ ಒಳಗೆ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಶಬ್ದ ಮಾಡುತ್ತದೆ. ಅಡಿಕೆಗೆ ನೀರು ಬಿಡುವ ಹೊತ್ತಿಗೇ ಸರಿಯಾಗಿ ಕೈಕೊಡುತ್ತದೆ. ಇದಕ್ಕೂ ಅಲೈನ್‌ಮೆಂಟ್ ಮಾಡಿಸಬೇಕಾ?

ಬೈಕಂಪಾಡಿ ಮೇಂಟೆನೆನ್ಸ್ · 10.31

ಇಲ್ಲ ಅಣ್ಣ, ನಿಮ್ಮದು ಬೇರೆ ಕತೆ. ಮೋನೋಬ್ಲಾಕ್‌ನಲ್ಲಿ ಮೋಟಾರಿನ ಶಾಫ್ಟ್ ತುದಿಗೇ ಇಂಪೆಲ್ಲರ್ ಕೂತಿರುತ್ತದೆ. ಮಧ್ಯೆ ಕಪ್ಲಿಂಗ್ ಇಲ್ಲ, ಹಾಗಾಗಿ ಅಲೈನ್ ಮಾಡಲು ಏನೂ ಇಲ್ಲ. ಜಲ್ಲಿಕಲ್ಲಿನ ಶಬ್ದ ಮಾರ್ಚ್‌ನಲ್ಲೇ ಬರುವುದೆಂದರೆ ಬಾವಿಯ ನೀರು ಕೆಳಗೆ ಹೋಗಿ ಪಂಪಿಗೆ ಎಳೆಯಲು ಕಷ್ಟ ಆಗ್ತಾ ಇದೆ. ಫುಟ್‌ವಾಲ್ವ್‌ನ ಜಾಲರಿ ಕಟ್ಟಿದೆಯಾ ನೋಡಿ. ಆಗುವುದಾದರೆ ಪಂಪನ್ನು ನೀರಿನ ಹತ್ತಿರಕ್ಕೆ ಇಳಿಸಿ.

ಶಿರ್ವದ ತೋಟ · 10.36

ಪಂಪ್ ಇಳಿಸಲು ಬಾವಿಯೊಳಗೆ ಮೆಟ್ಟಿಲು ಕಟ್ಟಬೇಕು. ಆಳು ಸಿಗಬೇಕಲ್ಲ.

ಹಳೇ ಫಿಟ್ಟರ್ · ಭಾನುವಾರ ಬೆಳಿಗ್ಗೆ 6.15

ಐಸ್‌ನವರೇ, ಮೂರು ಪ್ರಶ್ನೆ. ಉತ್ತರ ಕೊಟ್ಟ ಮೇಲೆ ಮಾತಾಡುವ.

ಒಂದು, ಐದು ವರ್ಷ ಓಡಿದ್ದು ಆಗಸ್ಟ್‌ನಿಂದ ಹಾಳಾಗಲು ಶುರುವಾಯಿತು ಅಂದ್ರಿ. ಜೂನ್, ಜುಲೈ ಬೋಟು ಕಡಲಿಗೆ ಇಳಿಯುವುದಿಲ್ಲ, ಪ್ಲಾಂಟ್ ನಿಂತಿರುತ್ತದೆ. ಆ ಎರಡು ತಿಂಗಳಲ್ಲಿ ಪಂಪಿನ ಸುತ್ತ ಏನೇನು ಕೆಲಸ ಮಾಡಿಸಿದ್ರಿ? ಸಣ್ಣದು ಅಂತ ಬಿಡಬೇಡಿ, ಎಲ್ಲಾ ಹೇಳಿ.

ಎರಡು, ಕಪ್ಲಿಂಗ್ ಗಾರ್ಡ್ ಅಡಿಯಲ್ಲಿ ಕಪ್ಪು ರಬ್ಬರ್ ಪುಡಿ ಬಿದ್ದಿದೆಯಾ?

ಮೂರು, ಸ್ಕೇಲನ್ನು ಕಪ್ಲಿಂಗಿನ ಎಲ್ಲೆಲ್ಲಿ ಇಟ್ಟರು? ಮೇಲೆ ಮಾತ್ರವಾ, ಸುತ್ತವಾ?

ಮಲ್ಪೆ ಐಸ್ · 8.02

ಸಾರ್, ರಬ್ಬರ್ ಪುಡಿ ಉಂಟು. ಒಂದು ಹಿಡಿ ಆಗಬಹುದು. ನಾನು ಅದನ್ನು ಧೂಳು ಅಂತ ಗುಡಿಸುತ್ತಿದ್ದೆ.

ಸ್ಕೇಲ್ ಇಟ್ಟದ್ದು ಮೇಲೆ, ಆಮೇಲೆ ಒಂದು ಬದಿಯಲ್ಲಿ. ಇನ್ನೊಂದು ಬದಿಯಲ್ಲಿ ಗೋಡೆ, ಕೈ ಹೋಗುವುದಿಲ್ಲ.

ಮಳೆಗಾಲದಲ್ಲಿ ಮಾಡಿಸಿದ್ದು ಎರಡು ಕೆಲಸ. ಮೋಟಾರ್ ವೈಂಡಿಂಗ್‌ಗೆ ಹೋಗಿತ್ತು (ಕಟಪಾಡಿ ಅಣ್ಣನಲ್ಲಿಗೆ ಅಲ್ಲ). ಅದು ಬರುವಾಗ ಕಪ್ಲಿಂಗಿನ ಮೋಟಾರ್ ಕಡೆಯ ಅರ್ಧ ಒಡೆದಿತ್ತು ಅಂತ ಹೊಸದು ಹಾಕಿಸಿದೆವು. ಇನ್ನೊಂದು, ಸಕ್ಷನ್ ಪೈಪ್ ಉಪ್ಪುಗಾಳಿಗೆ ತುಕ್ಕು ಹಿಡಿದು ತೂತಾಗಿತ್ತು. ಆ ನಾಲ್ಕು ಇಂಚಿನ ಪೈಪನ್ನು ಹೊಸದಾಗಿ ವೆಲ್ಡ್ ಮಾಡಿ ಕೂರಿಸಿದರು.

ಹಳೇ ಫಿಟ್ಟರ್ · 8.10

ಪೈಪ್ ಕೂರಿಸುವಾಗ ನೀವು ಅಲ್ಲಿ ಇದ್ರಾ? ಫ್ಲ್ಯಾಂಜ್ ತೂತಿಗೆ ಬೋಲ್ಟು ಸಲೀಸಾಗಿ ಹೋಯಿತಾ?

ಮಲ್ಪೆ ಐಸ್ · 8.14

ಸಬ್ಬಲ್ ಹಾಕಿ ಎಳೆದು ಬೋಲ್ಟ್ ತೂರಿಸಿದರು. ಆಮೇಲೆ ಬಿಗಿದಾಗ ಕೂತುಕೊಂಡಿತು.

ಹಳೇ ಫಿಟ್ಟರ್ · 8.15

ಹ್ಮ್.

ಗಾಳದ ಗುರು · 8.40

ಎಲ್ಲಾ ಸರಿ, ಬಂಗುಡೆ ರೇಟು ಯಾಕೆ ಈ ಪರಿ ಏರಿದೆ ಅಂತ ಈಗ ಗೊತ್ತಾಯಿತು. ಐಸ್‌ನವರ ಬೇರಿಂಗ್ ಖರ್ಚೆಲ್ಲ ನಮ್ಮ ತಲೆ ಮೇಲೆ.

ಡಿಪ್ಲೊಮಾ ಹುಡುಗ · 9.05

ವೈಬ್ರೇಶನ್ ಸ್ಪೆಕ್ಟ್ರಂ ತೆಗೆಯದೆ ಯಾರೂ ಏನೂ ಹೇಳಲು ಆಗುವುದಿಲ್ಲ. ಶಾಫ್ಟ್ ಸುತ್ತುವ ವೇಗಕ್ಕೆ ಎರಡರಷ್ಟು ಕಡೆ ಎತ್ತರದ ಗೆರೆ ಬಂದರೆ ಅದೇ ಮಿಸ್‌ಅಲೈನ್‌ಮೆಂಟ್. ಇದು ಕಾಲೇಜಿನಲ್ಲೇ ಕಲಿಸುತ್ತಾರೆ.

ಬೈಕಂಪಾಡಿ ಮೇಂಟೆನೆನ್ಸ್ · 9.30

ಹಾಗೆ ಬರುವುದುಂಟು, ಆದರೆ ಯಾವಾಗಲೂ ಅಲ್ಲ ತಮ್ಮ. ವೇಗದಷ್ಟೇ ಇರುವ ಗೆರೆ ಮಾತ್ರ ಎದ್ದು ನಿಂತ ಮಿಸ್‌ಅಲೈನ್‌ಮೆಂಟ್ ಕೂಡ ನೋಡಿದ್ದೇನೆ. ಸ್ಪೆಕ್ಟ್ರಂ ತೆಗೆಯುವ ಯಂತ್ರ ಅವರ ಹತ್ತಿರ ಎಲ್ಲಿಂದ ಬರಬೇಕು? ಪೆನ್ನಿನ ಹಾಗಿರುವ ವೈಬ್ರೇಶನ್ ಮೀಟರ್ ಯಾರಾದರೂ ಕೊಟ್ಟರೆ ಸಾಕು. ಬೇರಿಂಗ್ ಪಕ್ಕ ಅಡ್ಡಕ್ಕೆ ಒಮ್ಮೆ, ಶಾಫ್ಟ್ ಉದ್ದಕ್ಕೆ ಒಮ್ಮೆ ಇಟ್ಟು ನೋಡಿ. ಉದ್ದಕ್ಕೆ ಇಟ್ಟಾಗ ಜಾಸ್ತಿ ತೋರಿಸಿದರೆ ಎರಡು ಶಾಫ್ಟಿನ ಮಧ್ಯೆ ಕೋನ ಇದೆ ಅಂತ ಸಂಶಯ ಪಡಬಹುದು. ಈ ಗಾತ್ರದ ಮೋಟಾರಿಗೆ ಸೆಕೆಂಡಿಗೆ 1.8 ಮಿಲಿಮೀಟರ್ ಒಳಗೆ ಇದ್ದರೆ ನೆಮ್ಮದಿ. 4.5 ದಾಟಿದರೆ ನಿಲ್ಲಿಸಿ ನೋಡಬೇಕಾದ ಸ್ಥಿತಿ.

ಕಟಪಾಡಿ ವೈಂಡಿಂಗ್ · 9.44

ಮೀಟರ್ ನನ್ನ ಹತ್ತಿರ ಉಂಟು. ಸಂಜೆ ಮಲ್ಪೆ ಕಡೆ ಬರುವುದಿದೆ, ತರುತ್ತೇನೆ. ವೈಂಡಿಂಗ್‌ನವರ ಮರ್ಯಾದೆ ಪ್ರಶ್ನೆ.

ಮಲ್ಪೆ ಐಸ್ · ಭಾನುವಾರ ರಾತ್ರಿ 9.10

ಕಟಪಾಡಿ ಅಣ್ಣ ಬಂದಿದ್ದರು, ಉಪಕಾರ ಮರೆಯುವುದಿಲ್ಲ. ಪಂಪ್ ಓಡುವಾಗ ಮೋಟಾರಿನ ಕಪ್ಲಿಂಗ್ ಕಡೆ ಅಡ್ಡಕ್ಕೆ 4.1, ಉದ್ದಕ್ಕೆ 6.3. ಸ್ಟ್ಯಾಂಡ್‌ಬೈ ಪಂಪಿಗೆ ಬದಲಾಯಿಸಿ, ಇದರ ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ಕಿಸೆಗೆ ಹಾಕಿಕೊಂಡು ಪಿನ್ ಬಿಚ್ಚಿದೆವು. ಮೋಟಾರ್ ಒಂದನ್ನೇ ಓಡಿಸಿದಾಗ 0.9! ಬೇರಿಂಗಿನ ಸಣ್ಣ ಶಬ್ದ ಉಂಟು, ಆದರೆ ಜುಂ ಅನ್ನುವುದು ಹೋಯಿತು.

ಕಟಪಾಡಿ ವೈಂಡಿಂಗ್ · 9.12

ಹೇಳಿದೆನಲ್ಲ.

ಹಳೇ ಫಿಟ್ಟರ್ · 9.35

ಸರಿ, ಈಗ ದೋಷ ಕಪ್ಲಿಂಗ್‌ನಿಂದ ಆಚೆಗೆ ಅಂತ ಆಯಿತು. ಹೇಗೂ ಬೇರಿಂಗ್ ಬದಲಿಸುತ್ತೀರಿ. ತೆಗೆಯುವ ಮೊದಲು ಹೊರಗಿನ ರಿಂಗ್‌ನ ಮೇಲ್ತುದಿಗೆ ಪೈಂಟಿನಲ್ಲಿ ಒಂದು ಚುಕ್ಕೆ ಇಡಿ. ಆಮೇಲೆ ಆ ರಿಂಗನ್ನು ಗ್ರೈಂಡರ್‌ನಲ್ಲಿ ಎರಡು ತುಂಡು ಮಾಡಿ, ಗುಂಡು ಓಡಿದ ದಾರಿ ಯಾವ ಬದಿಯಲ್ಲಿ ಸವೆದಿದೆ ನೋಡಿ. ಕನ್ನಡಕ ಹಾಕಿಕೊಂಡು ಮಾಡಿ, ಗಟ್ಟಿ ಉಕ್ಕು, ಚೂರು ಹಾರುತ್ತದೆ.

ಯಾಕೆ ಅಂದರೆ, ಕಪ್ಲಿಂಗ್ ಹಾಕಿದ ಮೋಟಾರಿನಲ್ಲಿ ಬೇರಿಂಗ್ ಮೇಲೆ ಇರಬೇಕಾದ್ದು ಮುಖ್ಯವಾಗಿ ರೋಟರಿನ ತೂಕ. ತೂಕ ಕೆಳಗೆ ಒತ್ತುತ್ತದೆ, ಹಾಗಾಗಿ ಸವೆತ ರಿಂಗಿನ ಕೆಳಭಾಗದಲ್ಲಿ ಕಾಣಬೇಕು. ಬದಿಯಲ್ಲೋ ಮೇಲೋ ಕಂಡರೆ ಹೊರಗಿನಿಂದ ಯಾರೋ ಶಾಫ್ಟನ್ನು ಆ ಕಡೆಗೆ ಎಳೆಯುತ್ತಿದ್ದಾರೆ ಅಂತ ಅರ್ಥ. ಬೇರಿಂಗ್ ಸುಳ್ಳು ಹೇಳುವುದಿಲ್ಲ, ಆದರೆ ಚುಕ್ಕೆ ಇಡದೆ ಬಿಚ್ಚಿದರೆ ಅದರ ಮಾತು ನಮಗೆ ತಿಳಿಯುವುದಿಲ್ಲ.

ಮಲ್ಪೆ ಐಸ್ · ಸೋಮವಾರ ಮಧ್ಯಾಹ್ನ 1.20

ಬಿಚ್ಚಿ ಕೊಯ್ದೆವು. ಸವೆತ ಗೋಡೆಯ ಕಡೆಯ ಬದಿಯಲ್ಲಿ ಸಾರ್! ಕೆಳಗೆ ಬರೇ ಹೊಳಪು. ಗೋಡೆ ಕಡೆ ಸಿಪ್ಪೆ ಎದ್ದ ಹಾಗೆ ಹೊಂಡ ಹೊಂಡ. ಸಕ್ಷನ್ ಪೈಪ್ ಬಾಗಿ ಬರುವುದೂ ಗೋಡೆಯ ಕಡೆಯಿಂದಲೇ.

ಡಿಪ್ಲೊಮಾ ಹುಡುಗ · 1.45

ಆದರೆ ಅದು ಫ್ಲೆಕ್ಸಿಬಲ್ ಕಪ್ಲಿಂಗ್ ತಾನೇ? ಕ್ಯಾಟಲಾಗಿನಲ್ಲಿ ಅಷ್ಟಿಷ್ಟು ಮಿಸ್‌ಅಲೈನ್‌ಮೆಂಟ್ ತಡೆಯುತ್ತದೆ ಅಂತ ಬರೆದೇ ಇರುತ್ತಾರೆ. ರಬ್ಬರ್ ಬುಶ್ ಇರುವುದು ಅದಕ್ಕೇ ಅಲ್ವಾ?

ಬೈಕಂಪಾಡಿ ಮೇಂಟೆನೆನ್ಸ್ · 2.10

ಇದೇ ದೊಡ್ಡ ತಪ್ಪು ತಿಳುವಳಿಕೆ. ಕ್ಯಾಟಲಾಗಿನಲ್ಲಿ ಬರೆದದ್ದು ಕಪ್ಲಿಂಗ್ ಎಷ್ಟು ತಡೆದುಕೊಳ್ಳುತ್ತದೆ ಅಂತ, ಬೇರಿಂಗ್ ಎಷ್ಟು ತಡೆಯುತ್ತದೆ ಅಂತ ಅಲ್ಲ. ರಬ್ಬರನ್ನು ಅಮುಕಲು ಬಲ ಬೇಕಲ್ಲ. ಆ ಬಲ ಎರಡೂ ಶಾಫ್ಟಿನ ಮೇಲೆ ಬೀಳುತ್ತದೆ, ಅಲ್ಲಿಂದ ಬೇರಿಂಗಿಗೆ. ರಬ್ಬರ್ ಪುಡಿ ಆಗಿ ಬೀಳ್ತಾ ಇದೆ ಅಂದರೆ ಪ್ರತಿ ಸುತ್ತಿಗೂ ಅಮುಕಿಸಿಕೊಳ್ಳುತ್ತಿದೆ. ನಿಮಿಷಕ್ಕೆ 1450 ಸಲ.

ಡಿಪ್ಲೊಮಾ ಹುಡುಗ · 2.14

ಒಪ್ಪಿದೆ. ಆದರೂ ಸ್ಪೆಕ್ಟ್ರಂ ಇದ್ದರೆ ಚೆನ್ನಾಗಿತ್ತು.

ಹಳೇ ಫಿಟ್ಟರ್ · 5.50

ಐಸ್‌ನವರೇ, ಈಗ ಅವಸರ ಮಾಡಬೇಡಿ. ಹೊಸ ಬೇರಿಂಗನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಬೇಡಿ, ಬಿಸಿ ಮಾಡಿ ಇಳಿಸಿ. 110 ಡಿಗ್ರಿ ಸಾಕು, ಅದಕ್ಕಿಂತ ಮೇಲೆ ಬೇಡ. ಗ್ಯಾಸ್ ಟಾರ್ಚಿನ ಬೆಂಕಿ ನೇರ ಹಿಡಿಯುವುದು ಬೇಡವೇ ಬೇಡ.

ಮೋಟಾರ್ ಕೂರಿಸಿದ ಮೇಲೆ, ಕಾಲಿನ ಅಡಿಗೆ ಹಾಕುವ ಶಿಮ್ ತಗಡಿಗೆ ಕೈ ಹಾಕುವ ಮೊದಲು ಪೈಪ್ ನೋಡಬೇಕು. ಪಿನ್ ಹಾಕಬೇಡಿ. ಮ್ಯಾಗ್ನೆಟಿಕ್ ಸ್ಟ್ಯಾಂಡನ್ನು ಮೋಟಾರಿನ ಕಪ್ಲಿಂಗ್ ಅರ್ಧದ ಮೇಲೆ ಕೂರಿಸಿ, ಡಯಲ್ ಗೇಜಿನ ಮೊನೆ ಪಂಪಿನ ಅರ್ಧಕ್ಕೆ ಗೋಡೆ ಕಡೆಯ ಬದಿಯಿಂದ ತಾಗಲಿ. ಸೊನ್ನೆಗೆ ತನ್ನಿ. ಸಂಪಿನ ವಾಲ್ವ್ ಮುಚ್ಚಿ, ಪೈಪಿನ ನೀರು ಬಿಟ್ಟು, ಸಕ್ಷನ್ ಫ್ಲ್ಯಾಂಜಿನ ಬೋಲ್ಟು ಒಂದೊಂದಾಗಿ ಸಡಿಲಿಸಿ. ಡಯಲ್ ಮುಳ್ಳು ನೋಡ್ತಾ ಇರಿ. 0.05 ಮಿಲಿಮೀಟರ್ ಒಳಗೆ ಅಲ್ಲಾಡಿದರೆ ಚಿಂತೆ ಇಲ್ಲ. ಜಾಸ್ತಿ ಓಡಿದರೆ ನಿಮ್ಮ ಕಳ್ಳ ಸಿಕ್ಕ.

ಮಲ್ಪೆ ಐಸ್ · ಮಂಗಳವಾರ ಸಂಜೆ 6.30

ಕಳ್ಳ ಸಿಕ್ಕ.

ನಾಲ್ಕನೇ ಬೋಲ್ಟ್ ಸಡಿಲಿಸುವಾಗ ಫ್ಲ್ಯಾಂಜ್ ಟಪ್ ಅಂತ ಸರಿದು ಗೋಡೆ ಕಡೆಗೆ ಹೋಯಿತು. ಪೂರ್ತಿ ಬಿಚ್ಚಿದಾಗ ಪೈಪಿನ ತೂತಿಗೂ ಪಂಪಿನ ತೂತಿಗೂ 6 ಮಿಲಿಮೀಟರ್ ವ್ಯತ್ಯಾಸ. ಡಯಲ್ 0.28 ಓಡಿತು. ಪಂಪಿನ ಕಾಲಿನ ಬೋಲ್ಟ್ ಬಿಗಿಯಾಗಿಯೇ ಇತ್ತು, ಆದರೂ ಅಷ್ಟು ಬಾಗಿದೆ ಅಂದರೆ ನಂಬಲಿಕ್ಕೇ ಆಗಲಿಲ್ಲ. ಎರಕದ ಕಬ್ಬಿಣ ಬಾಗುತ್ತದಾ?

ಹಳೇ ಫಿಟ್ಟರ್ · 6.48

ಎಲ್ಲವೂ ಬಾಗುತ್ತದೆ ಮಾರಾಯ್ರೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಪಂಪಿನ ಬೇರಿಂಗ್ ಬ್ರಾಕೆಟ್, ಅಡಿಯ ಚಾನೆಲ್ ಫ್ರೇಮ್, ಎರಡೂ ಸ್ವಲ್ಪ ಸ್ವಲ್ಪ ಕೊಟ್ಟಿರುತ್ತವೆ. ನಿಮ್ಮ ಫಿಟ್ಟರ್ ಅಲೈನ್ ಮಾಡಿದ್ದು ಪೈಪ್ ಬಿಗಿಯುವ ಮೊದಲಾ, ನಂತರವಾ?

ಮಲ್ಪೆ ಐಸ್ · 6.55

ಮಳೆಗಾಲದಲ್ಲಿ ಮೊದಲ ಸಲ ಮಾಡಿದ್ದು ಮೊದಲು. ಬೆಳಿಗ್ಗೆ ಫಿಟ್ಟರ್ ಬಂದು ಹೋದರು, ಮಧ್ಯಾಹ್ನ ವೆಲ್ಡಿಂಗ್‌ನವರು ಬಂದು ಪೈಪ್ ಎಳೆದು ಬಿಗಿದರು. ಆಮೇಲೆ ಎರಡು ಸಲ ಬೇರಿಂಗ್ ಹಾಕಿದಾಗ ಪೈಪ್ ಬಿಗಿದೇ ಇತ್ತು. ಆಗಲೂ ಸ್ಕೇಲ್ ಪಕ್ಕಾ ಅಂತ ತೋರಿಸಿತಲ್ಲ, ಅದೇ ನನಗೆ ಅರ್ಥ ಆಗದ್ದು.

ಕಟಪಾಡಿ ವೈಂಡಿಂಗ್ · 7.20

ಸ್ಕೇಲ್ ಏನೂ ತಪ್ಪಲ್ಲ. ಸಣ್ಣ ಪಂಪಿಗೆ ನಾವೆಲ್ಲ ಸ್ಕೇಲಿನಲ್ಲೇ ಮಾಡುವುದು. ಡಯಲ್ ಗೇಜ್ ದೊಡ್ಡ ಫ್ಯಾಕ್ಟರಿಯವರ ಶೋಕಿ.

ಹಳೇ ಫಿಟ್ಟರ್ · 7.41

ಸ್ಕೇಲಿನಲ್ಲಿ ಒರಟಾಗಿ ಕೂರಿಸಬಹುದು, ಅದಕ್ಕೆ ನನ್ನ ತಕರಾರಿಲ್ಲ. ಅಡಿಗೆ ಫೀಲರ್ ಗೇಜ್ ತೂರಿಸಿ ನಾಲ್ಕೂ ಕಡೆ ನೋಡಿದರೆ ತಕ್ಕಮಟ್ಟಿಗೆ ಕೆಲಸವೂ ಆಗುತ್ತದೆ. ಆದರೆ ಒಂದು ಷರತ್ತು: ಎರಡೂ ಅರ್ಧ ಒಂದೇ ಅಳತೆಯದ್ದಾಗಿರಬೇಕು. ಇವರದ್ದು ಒಂದು ಅರ್ಧ ಹಳೆಯದು, ಒಂದು ಹೊಸದು. ಐಸ್‌ನವರೇ, ವರ್ನಿಯರ್ ಹಿಡಿದು ಎರಡರ ವ್ಯಾಸವನ್ನೂ ಅಳೆಯಿರಿ.

ಮಲ್ಪೆ ಐಸ್ · 8.30

ಪಂಪಿನದ್ದು 139.6. ಮೋಟಾರಿನದ್ದು 140.0.

ಹಳೇ ಫಿಟ್ಟರ್ · 8.42

ನೋಡಿ ಈಗ. ಮೋಟಾರಿನ ಅರ್ಧ ಸುತ್ತಲೂ 0.2 ದಪ್ಪ. ಹಾಗಾದರೆ ಮೋಟಾರ್ 0.2 ತಗ್ಗಿನಲ್ಲಿ ಕೂತಿದ್ದರೆ ಮೇಲೆ ಸ್ಕೇಲ್ ಇಟ್ಟಾಗ ಎರಡೂ ಸಪಾಟ. ಫಿಟ್ಟರ್ "ಪಕ್ಕಾ" ಅನ್ನುತ್ತಾನೆ, ಅವನ ಕಣ್ಣಿಗೆ ಅದು ಪಕ್ಕಾನೇ. ಕೆಳಗೆ ಇಟ್ಟಿದ್ದರೆ 0.4 ಮೆಟ್ಟಿಲು ಕಾಣುತ್ತಿತ್ತು, ಆದರೆ ಕೆಳಗೆ ಯಾರು ಬಗ್ಗುತ್ತಾರೆ? ಬದಿಯಲ್ಲೂ ಹೀಗೆಯೇ, ಒಂದೇ ಕಡೆ ನೋಡಿದರೆ ಮೋಸ ಹೋಗುತ್ತೀರಿ.

ತಗ್ಗಿನಲ್ಲಿ ಕೂತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಅಂದಾಜು ಹೇಳಿದ್ದು. ಮೋಟಾರ್ ವೈಂಡಿಂಗ್‌ಗೆ ಹೋಗುವ ಮೊದಲು ಕಾಲಿನ ಅಡಿಯಲ್ಲಿ ತಗಡು ಇತ್ತಾ?

ಮಲ್ಪೆ ಐಸ್ · 8.50

ಇತ್ತು! ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಅಪ್ಪ ಹಾಕಿಸಿದ್ದು. ಈಗ ಒಂದೂ ಇಲ್ಲ. ತುಕ್ಕು ತಗಡು ಅಂತ ಯಾರೋ ಬಿಸಾಡಿರಬೇಕು.

ಶಿರ್ವದ ತೋಟ · 9.15

ಅಪ್ಪ ಹಾಕಿದ್ದನ್ನು ಬಿಸಾಡಬಾರದು ಅಂತ ಇದಕ್ಕೇ ಹೇಳುವುದು. ಅಂದ ಹಾಗೆ ಫುಟ್‌ವಾಲ್ವ್ ಎತ್ತಿ ನೋಡಿದೆ. ಜಾಲರಿ ತುಂಬ ಬೇರು, ಕಸ. ಸ್ವಚ್ಛ ಮಾಡಿದ ಮೇಲೆ ಶಬ್ದ ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ.

ಹಳೇ ಫಿಟ್ಟರ್ · ಬುಧವಾರ ಬೆಳಿಗ್ಗೆ 6.20

ಇನ್ನು ಕೆಲಸದ ಕ್ರಮ. ಪೈಪನ್ನು ಎಳೆದು ಕೂರಿಸುವುದಲ್ಲ, ಕೊಯ್ದು ಸರಿಯಾದ ಕಡೆ ಮತ್ತೆ ವೆಲ್ಡ್ ಮಾಡಿಸಿ. ಪಂಪಿನ ಹತ್ತಿರ ಪೈಪ್ ಅಡಿಗೆ ಒಂದು ಸ್ಟ್ಯಾಂಡ್ ಕೊಡಿ, ತೂಕ ಪಂಪಿನ ಮೇಲೆ ಬೀಳಬಾರದು. ಬೋಲ್ಟು ಕೈಯಲ್ಲೇ ತೂತಿಗೆ ಇಳಿಯಬೇಕು, ಅದೇ ಪರೀಕ್ಷೆ. ವೆಲ್ಡಿಂಗ್ ಅರ್ಥಿಂಗ್ ಕ್ಲಾಂಪನ್ನು ಪೈಪಿಗೇ ಹಾಕಿಸಿ. ಪಂಪಿಗೋ ಮೋಟಾರಿಗೋ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹೋಗಿ ಹೊಸದೂ ಹಾಳಾಗಬಹುದು.

ಆಮೇಲೆ ಮೋಟಾರಿನ ಕಾಲು. ನಾಲ್ಕೂ ಕಾಲಿನ ಅಡಿ ತುಕ್ಕು, ಪೈಂಟ್ ಕೆರೆದು ಸ್ವಚ್ಛ ಮಾಡಿ. ಬೋಲ್ಟ್ ಎಲ್ಲಾ ಬಿಗಿದು, ಒಂದು ಕಾಲಿನ ಮೇಲೆ ಡಯಲ್ ಇಟ್ಟು ಅದರ ಬೋಲ್ಟ್ ಮಾತ್ರ ಸಡಿಲಿಸಿ. ಕಾಲು 0.05ಕ್ಕಿಂತ ಜಾಸ್ತಿ ಮೇಲೆದ್ದರೆ ಆ ಕಾಲು ನೆಲಕ್ಕೆ ಸರಿಯಾಗಿ ಕೂತಿಲ್ಲ. ಮೂರೇ ಕಾಲಿನ ಮೇಲೆ ನಿಂತ ಕುರ್ಚಿ ಇದ್ದ ಹಾಗೆ. ಅದನ್ನು ಶಿಮ್ ಹಾಕಿ ತುಂಬಿಸದೆ ಮುಂದೆ ಹೋದರೆ, ಬೋಲ್ಟ್ ಬಿಗಿದಾಗಲೆಲ್ಲ ರೀಡಿಂಗ್ ಬದಲಾಗಿ ತಲೆ ಕೆಡುತ್ತದೆ.

ಇದೆಲ್ಲ ಆದ ಮೇಲೆ ಸ್ಟ್ಯಾಂಡನ್ನು ಪಂಪಿನ ಅರ್ಧಕ್ಕೆ ಬದಲಾಯಿಸಿ, ಡಯಲ್ ಮೋಟಾರಿನ ಅರ್ಧಕ್ಕೆ ತಾಗಲಿ. ಎರಡೂ ಅರ್ಧದ ಮೇಲೆ ಚಾಕ್ ಗೆರೆ ಎಳೆದು, ಎರಡನ್ನೂ ಒಟ್ಟಿಗೆ ತಿರುಗಿಸಿ. ಒಟ್ಟಿಗೆ ತಿರುಗಿದರೆ ಡಯಲ್ ಯಾವಾಗಲೂ ಒಂದೇ ಜಾಗಕ್ಕೆ ತಾಗಿರುತ್ತದೆ. ಆಗ ಅರ್ಧಗಳು ದಪ್ಪ ತೆಳ್ಳಗೆ ಇದ್ದರೂ ಲೆಕ್ಕ ತಪ್ಪುವುದಿಲ್ಲ. ಮೇಲೆ ಸೊನ್ನೆ ಮಾಡಿ, ಕೆಳಗೆ ಬಂದಾಗ ಎಷ್ಟು ಓದಿ. ಹಾಗೆಯೇ ಎರಡು ಮುಖದ ಮಧ್ಯದ ಸಂದಿಯನ್ನು ಮೇಲೆ, ಕೆಳಗೆ ಫೀಲರ್‌ನಲ್ಲಿ ಅಳೆಯಿರಿ. ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಿರಿ.

ಡಿಪ್ಲೊಮಾ ಹುಡುಗ · 9.20

ಲೇಸರ್ ಅಲೈನ್‌ಮೆಂಟ್ ಕಿಟ್ ಬಾಡಿಗೆಗೆ ಸಿಕ್ಕಿದರೆ ಅರ್ಧ ಗಂಟೆಯ ಕೆಲಸ.

ಹಳೇ ಫಿಟ್ಟರ್ · 9.32

ಸಿಕ್ಕಿದರೆ ಬಹಳ ಒಳ್ಳೆಯದು. ಆದರೆ ಪೈಪ್ ಎಳೆಯುವುದನ್ನು ಲೇಸರ್ ನಿಲ್ಲಿಸುವುದಿಲ್ಲ.

ಮಲ್ಪೆ ಐಸ್ · ಭಾನುವಾರ ರಾತ್ರಿ 8.15

ಪೈಪ್ ಕೊಯ್ದು ವೆಲ್ಡ್ ಮಾಡಿಸಿ ಆಯಿತು, ಬೋಲ್ಟ್ ಕೈಯಲ್ಲೇ ಇಳಿಯಿತು. ಮೋಟಾರಿನ ಹಿಂದಿನ ಒಂದು ಕಾಲು 0.12 ಮೇಲೆದ್ದಿತ್ತು, ಅದನ್ನು ಶಿಮ್ ಹಾಕಿ ಸರಿ ಮಾಡಿದೆ. ಈಗಿನ ರೀಡಿಂಗ್: ಡಯಲ್ ಮೇಲೆ ಸೊನ್ನೆ, ಕೆಳಗೆ +0.40. ಮುಖದ ಸಂದಿ ಮೇಲೆ 3.24, ಕೆಳಗೆ 3.00, ಫೀಲರ್ ತೂರಿಸಿದ ಜಾಗದ ವ್ಯಾಸ 120. ಕಪ್ಲಿಂಗ್ ಮುಖದಿಂದ ಮೋಟಾರಿನ ಮುಂದಿನ ಕಾಲಿನ ಬೋಲ್ಟಿಗೆ 220, ಹಿಂದಿನದಕ್ಕೆ 430. ಈಗ ಯಾವ ಕಾಲಿಗೆ ಎಷ್ಟು ಹಾಕಬೇಕು? ಎರಡು ಸಲ ಅಂದಾಜಿಗೆ ಹಾಕಿ ನೋಡಿದೆ, ಒಂದು ಸರಿ ಆದರೆ ಇನ್ನೊಂದು ಕೆಡುತ್ತದೆ.

ಹಳೇ ಫಿಟ್ಟರ್ · 8.58

ಅಂದಾಜಿಗೆ ಹಾಕಿದರೆ ರಾತ್ರಿ ಬೆಳಗಾದರೂ ಮುಗಿಯುವುದಿಲ್ಲ. ಲೆಕ್ಕ ಸುಲಭ.

ಡಯಲ್ ಕೆಳಗೆ ಪ್ಲಸ್ ತೋರಿಸಿತು. ಅಂದರೆ ಕೆಳಗೆ ಬಂದಾಗ ಮೊನೆ ಒಳಗೆ ತಳ್ಳಿಸಿಕೊಂಡಿತು, ಮೋಟಾರ್ ತಗ್ಗಿನಲ್ಲಿದೆ. ಡಯಲ್ ಯಾವಾಗಲೂ ಎರಡರಷ್ಟು ತೋರಿಸುತ್ತದೆ, ಅರ್ಧ ಮಾಡಿ: ಕಪ್ಲಿಂಗ್ ಹತ್ತಿರ ಮೋಟಾರ್ 0.20 ತಗ್ಗು.

ಸಂದಿ ಮೇಲೆ ಅಗಲ. ಅಂದರೆ ಮೋಟಾರಿನ ಬೆನ್ನು ಕೆಳಗೆ ಕೂತಿದೆ, ಮೂತಿ ಮೇಲೆ ನೋಡುತ್ತಿದೆ. 120 ಮಿಲಿಮೀಟರಿಗೆ 0.24, ಹಾಗಾದರೆ ಪ್ರತಿ 100ಕ್ಕೆ 0.20. ಮುಂದಿನ ಕಾಲು 220 ದೂರ, ಅಲ್ಲಿ ಇಳಿಜಾರಿನಿಂದ 0.44. ಹಿಂದಿನ ಕಾಲು 430 ದೂರ, ಅಲ್ಲಿ 0.86. ಎರಡಕ್ಕೂ ಆ 0.20 ಕೂಡಿಸಿ.

```
ಮುಂದಿನ ಎರಡು ಕಾಲು: 0.20 + 0.44 = 0.64
ಹಿಂದಿನ ಎರಡು ಕಾಲು: 0.20 + 0.86 = 1.06
```

ಮುಂದೆ 0.65, ಹಿಂದೆ 1.05 ಹಾಕಿ. ಎರಡು ಶಿಮ್‌ನಲ್ಲೇ ಮುಗಿಸಿ, ಎಂಟು ಹತ್ತು ತೆಳು ತಗಡು ಪೇರಿಸಿದರೆ ಸ್ಪ್ರಿಂಗ್ ಆಗುತ್ತದೆ. ಕಡಲಬದಿ ಆದ್ದರಿಂದ ಸ್ಟೈನ್‌ಲೆಸ್ ತಗಡೇ ತನ್ನಿ. ಆ ಹಿಂದಿನ ಕಾಲಿಗೆ ಮೊದಲೇ ಹಾಕಿದ 0.12 ಇರಲಿ, ಇದು ಅದರ ಮೇಲೆ.

ಡಿಪ್ಲೊಮಾ ಹುಡುಗ · 9.14

ಮೋಟಾರ್ ಬಿಸಿಯಾದ ಮೇಲೆ ಹಿಗ್ಗಿ ಮೇಲೆದ್ದರೆ? ಪಂಪಿನಲ್ಲಿ ತಣ್ಣೀರು, ಅದು ಏಳುವುದಿಲ್ಲ.

ಹಳೇ ಫಿಟ್ಟರ್ · 9.25

ಇದು ಒಳ್ಳೆಯ ಪ್ರಶ್ನೆ. ಕಾಲಿನಿಂದ ಶಾಫ್ಟಿನ ನಡುವಿಗೆ 160 ಮಿಲಿಮೀಟರ್. 30 ಡಿಗ್ರಿ ಏರಿದರೆ ಸುಮಾರು 0.05 ಮೇಲೇಳಬಹುದು. ಈ ವೇಗಕ್ಕೆ ನಾನು 0.1 ಒಳಗೆ ಇದ್ದರೆ ಕೈಬಿಡುತ್ತೇನೆ. ಬೇಕಿದ್ದರೆ ಮೋಟಾರನ್ನು 0.03 ತಗ್ಗಿನಲ್ಲೇ ಬಿಡಲಿ. ಬಾಯ್ಲರ್‌ಗೆ ಬಿಸಿನೀರು ಕೊಡುವ ಪಂಪ್ ಆಗಿದ್ದರೆ ಈ ಮಾತೇ ಮೊದಲು ಬರುತ್ತಿತ್ತು, ಅಲ್ಲಿ ಪಂಪೇ ಏಳುತ್ತದೆ.

ಗಾಳದ ಗುರು · 9.40

ಮೂತಿ ಮೇಲೆ, ಬೆನ್ನು ಕೆಳಗೆ. ಊಟ ಆದ ಮೇಲೆ ನಾನೂ ಹೀಗೇ ಕೂರುವುದು.

ಮಲ್ಪೆ ಐಸ್ · ಮಂಗಳವಾರ ರಾತ್ರಿ 10.05

ಒಂದೇ ಏಟಿಗೆ ಬಂತು ಸಾರ್! ಶಿಮ್ ಹಾಕಿ ಬಿಗಿದಾಗ ಕೆಳಗೆ ಡಯಲ್ +0.06, ಅಂದರೆ 0.03 ತಗ್ಗು. ಸಂದಿ ಮೇಲೆ ಕೆಳಗೆ 0.02 ವ್ಯತ್ಯಾಸ. ಬದಿಗೆ ಸರಿಸಲು ಕಾಲಿನ ಪಕ್ಕ ನಟ್ ವೆಲ್ಡ್ ಮಾಡಿ ಬೋಲ್ಟಿನಲ್ಲಿ ತಳ್ಳಿದೆವು, ಸುತ್ತಿಗೆ ಮುಟ್ಟಲಿಲ್ಲ. ಕೊನೆಗೆ ಡಯಲ್ ಇಟ್ಟುಕೊಂಡೇ ಪೈಪಿನ ಫ್ಲ್ಯಾಂಜ್ ಬಿಗಿದೆವು. ಮುಳ್ಳು ಕದಲಿದ್ದು 0.03. ಪಿನ್‌ಗಳಿಗೆ ಹೊಸ ರಬ್ಬರ್ ಬುಶ್ ಹಾಕಿ ಓಡಿಸಿದಾಗ ಅಡ್ಡಕ್ಕೆ 1.3, ಉದ್ದಕ್ಕೆ 1.1.

ಬೈಕಂಪಾಡಿ ಮೇಂಟೆನೆನ್ಸ್ · 10.20

ಅಬ್ಬ. ಒಂದು ವಾರ ಬಿಟ್ಟು ಬೋಲ್ಟ್ ಮತ್ತೆ ಬಿಗಿದು ರೀಡಿಂಗ್ ನೋಡಿ. ಒಂದು ವಿಷಯ ಕೇಳಬೇಕಿತ್ತು, ಸ್ಟ್ಯಾಂಡ್‌ಬೈ ಪಂಪ್ ಇದೇ ಫ್ರೇಮಿನ ಮೇಲೆ ಉಂಟಾ? ಪಕ್ಕದ್ದು ಐದು ತಿಂಗಳು ಜುಂ ಅನ್ನುತ್ತಿದ್ದಾಗ ಇದು ಸುಮ್ನೆ ನಿಂತಿದ್ದರೆ, ಗುಂಡುಗಳು ನಿಂತಲ್ಲೇ ಕುಟ್ಟಿ ರಿಂಗಿನಲ್ಲಿ ಗುಳಿ ಮಾಡಿರುತ್ತವೆ. ವಾರಕ್ಕೊಮ್ಮೆ ಕೈಯಲ್ಲಿ ತಿರುಗಿಸಿ ಬೇರೆ ಜಾಗದಲ್ಲಿ ನಿಲ್ಲಿಸಬೇಕು, ಅಥವಾ ಸರದಿಯಲ್ಲಿ ಓಡಿಸಬೇಕು.

ಮಲ್ಪೆ ಐಸ್ · 10.26

ಅದೇ ಫ್ರೇಮ್ ಮೇಡಂ. ಈ ಹತ್ತು ದಿನ ಅದೇ ಓಡಿದ್ದು, ಸಣ್ಣಗೆ ಕರ್ ಕರ್ ಅನ್ನುತ್ತದೆ. ಅದರ ಪೈಪ್ ಹಾಕಿದವರೂ ಅವರೇ.

ಕಟಪಾಡಿ ವೈಂಡಿಂಗ್ · 10.40

ನನಗೆ ಒಂದು ಅರ್ಥ ಆಗಲಿಲ್ಲ. ಪೈಪ್ ಎಳೆದದ್ದು ಪಂಪನ್ನು. ಹಾಗಾದರೆ ಪಂಪಿನ ಬೇರಿಂಗ್ ಮೊದಲು ಹೋಗಬೇಕಿತ್ತಲ್ಲ? ಮೂರು ಸಲವೂ ಮೋಟಾರಿನದ್ದೇ ಯಾಕೆ?

ಹಳೇ ಫಿಟ್ಟರ್ · 10.55

ಕಪ್ಲಿಂಗಿನ ಬಲ ಎರಡೂ ಕಡೆಗೆ ಸಮ, ಹಾಗಾಗಿ ನಿಮ್ಮ ಪ್ರಶ್ನೆ ಸರಿ. ಪಂಪಿನದ್ದು ಎಣ್ಣೆಯಲ್ಲಿ ಓಡುವ ಬೇರಿಂಗ್, ಮೋಟಾರಿನದ್ದು ಗ್ರೀಸ್. ಅದೊಂದು ಕಾರಣ ಇರಬಹುದು. ಮೂರು ಸಲವೂ ಬಡಿದು ಕೂರಿಸಿದ್ದರೆ ಅದು ಇನ್ನೊಂದು ಇರಬಹುದು.

ಕಟಪಾಡಿ ವೈಂಡಿಂಗ್ · 10.58

ಕೊನೆಗೂ ಸುತ್ತಿಗೆ ನಮ್ಮ ತಲೆಗೇ ಬಂತು.

ಹಳೇ ಫಿಟ್ಟರ್ · 11.02

ನಿಮ್ಮ ತಲೆಗೆ ಅಲ್ಲ ಮಾರಾಯ್ರೆ. ಆದರೆ ಖಚಿತವಾಗಿ ಹೇಳಲು ಮೊದಲಿನ ಎರಡು ಬೇರಿಂಗ್ ಬೇಕಿತ್ತು, ಅವು ಗುಜರಿಗೆ ಹೋಗಿವೆ. ಪಂಪಿನ ಎಣ್ಣೆ ಒಮ್ಮೆ ಇಳಿಸಿ ಬೆರಳಲ್ಲಿ ತಿಕ್ಕಿ ನೋಡಿ, ಹೊಳೆಯುವ ಚೂರು ಇದ್ದರೆ ಅದರ ಸರದಿಯೂ ಹತ್ತಿರ ಉಂಟು. ಐಸ್‌ನವರೇ, ಕಪ್ಲಿಂಗ್ ಗಾರ್ಡ್ ಹಾಕಿದಿರಿ ತಾನೇ?

ಮಲ್ಪೆ ಐಸ್ · 11.06

ಹಾಕಿದ್ದೇವೆ ಸಾರ್. ನಾಲ್ಕರಲ್ಲಿ ಮೂರು ಬೋಲ್ಟ್. ನಾಲ್ಕನೆಯದನ್ನು ಟಾರ್ಚ್ ಹಿಡಿದು ಹುಡುಕುತ್ತಿದ್ದೇವೆ.